ಮೇಷ್ಟ್ರ ಪಾತ್ರ, ಬಿಸಿಯೂಟದ ಪಾತ್ರೆ

ಕನ್ನಡ ಧಾರಾವಾಹಿಗಳಲ್ಲಿ ಮೇಷ್ಟ್ರು ನಿವೃತ್ತರಾಗುವುದನ್ನು ನೀವೂ ನೋಡಿರುತ್ತೀರಿ. ಖಾಲಿ ತರಗತಿ, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು, ಹಿಂದೆಲ್ಲೋ ಕೊಳಲು. ಮೇಷ್ಟ್ರು ಒಂದು ಬೆಂಚನ್ನು ಸವರುತ್ತಾರೆ, ಇನ್ನೊಂದನ್ನೂ ಸವರುತ್ತಾರೆ. ಬೋರ್ಡು ಒರೆಸಲು ಹೋದ ಕೈ ನಡುಗುತ್ತದೆ. ಕೊನೆಗೆ ಒಂದು ತುಂಡು ಚಾಕ್‌ಪೀಸನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ಸರ್ಕಾರಿ ಶಾಲೆಯ ಚಾಕ್‌ಪೀಸನ್ನು ಹಾಗೆ ಜೇಬಿಗೆ ಹಾಕಿಕೊಂಡು ಹೋದರೆ ದಾಸ್ತಾನು ವಹಿಯ ಲೆಕ್ಕ ಯಾರು ಕೊಡಬೇಕು ಎಂಬ ಪ್ರಶ್ನೆ ಆ ದೃಶ್ಯ ಬರೆದವರಿಗೆ ಹೊಳೆದೇ ಇಲ್ಲ. ನಿಜವಾದ ಮೇಷ್ಟ್ರಿಗೆ ಮೊದಲು ಹೊಳೆಯುವುದೇ ಅದು.

ಈ ದೃಶ್ಯ ಈಗ ಟಿವಿಯಿಂದ ಇಳಿದು ಮೂಡಿಗೆರೆಗೂ ಬಂದಿದೆ. ಕಾಫಿಗೆ ದರ ಬಂದ ಮೇಲೆ ನಮ್ಮ ಕಡೆಯವರು ಮೊದಲು ಜೀಪು ಬದಲಾಯಿಸಿದರು, ಆಮೇಲೆ ಹೋಂಸ್ಟೇ ಕಟ್ಟಿದರು, ಈಗ ನಟನೆಗೆ ಇಳಿದಿದ್ದಾರೆ. ಇಳಿದವರಲ್ಲಿ ನನ್ನ ಭಾವ ಒಬ್ಬರು. ವಯಸ್ಸು ನಲವತ್ತೊಂಬತ್ತು, ಉದ್ಯೋಗ ಗೊಬ್ಬರದ ಅಂಗಡಿ. ಮದುವೆಯೊಂದರಲ್ಲಿ ಯಾರೋ ಬೆಂಗಳೂರಿನ ಫೋಟೊಗ್ರಾಫರು ಇವರ ಮುಖವನ್ನು ಎರಡೂ ಕಡೆಯಿಂದ ನೋಡಿ, "ಸಾರ್, ನಿಮ್ಮದು ಅಪ್ಪಟ ಮೇಷ್ಟ್ರ ಮುಖ" ಅಂದನಂತೆ. ಅಲ್ಲಿಗೆ ಯೂರಿಯಾ ವ್ಯಾಪಾರ ಎರಡನೇ ಸ್ಥಾನಕ್ಕೆ ಬಿತ್ತು. ಪೋರ್ಟ್‌ಫೋಲಿಯೊ ತಯಾರಾಯಿತು. ಕನ್ನಡಕ ಹಾಕಿದ್ದು, ತೆಗೆದದ್ದು, ಕೈಯಲ್ಲಿ ಹಿಡಿದದ್ದು, ಶಾಲು ಹೊದ್ದದ್ದು, ಶಾಲು ಹೊದ್ದು ಗುಡ್ಡ ನೋಡುತ್ತಿರುವುದು. ಇನ್ನು ಬಾಕಿ ಇದ್ದದ್ದು ಒಂದು ಆಡಿಷನ್ ವಿಡಿಯೊ. ಪಾತ್ರದ ವಿವರ ಅವರ ಫೋನಿಗೆ ಬಂದಿತ್ತು: ಮಧ್ಯವಯಸ್ಕ ಶಾಲಾ ಶಿಕ್ಷಕ, ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ, ಒಬ್ಬನೇ ಮಾತಾಡಬೇಕು, ಎರಡರಿಂದ ಮೂರು ನಿಮಿಷ.

"ನೀನು ಬರೀತೀಯಲ್ಲ, ಒಂದು ಬರೆದುಕೊಡು ಮಾರಾಯ" ಅಂದರು ಭಾವ. "ಕೊನೆಗೆ ಅಳೋ ಹಾಗಿರಲಿ. ಅಳು ನನಗೆ ಸಲೀಸು. ಮಳೆಗಾಲದಲ್ಲಿ ಗೊಬ್ಬರದ ಸ್ಟಾಕ್ ಬಂದಿಲ್ಲ ಅಂತ ದಿನಾ ಅಳ್ತಾ ಇರ್ತೀನಲ್ಲ."

ಅಳು ನಮ್ಮಲ್ಲಿ ಹೊಸದೇನಲ್ಲ. 1958ರಲ್ಲಿ ಬಿ.ಆರ್. ಪಂತುಲು 'ಸ್ಕೂಲ್ ಮಾಸ್ಟರ್' ಮಾಡಿ, ನಿವೃತ್ತ ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಮಕ್ಕಳು ಹಂಚಿಕೊಂಡ ಕಥೆ ಹೇಳಿ ಇಡೀ ನಾಡನ್ನು ಅಳಿಸಿದರು. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರಾದರು, ಅಂದಿನಿಂದ ಇಂದಿನವರೆಗೆ ಕನ್ನಡದಲ್ಲಿ ಮೇಷ್ಟ್ರ ಪಾತ್ರಕ್ಕೆ ಆಡಿಷನ್ ಕೊಡುವವರೆಲ್ಲ ಗಂಟಲು ಗದ್ಗದ ಮಾಡಿಕೊಂಡು ಚಾಮಯ್ಯನವರಿಗೇ ಆಡಿಷನ್ ಕೊಡುತ್ತಿದ್ದಾರೆ. ಆ ಎರಡು ಚಿತ್ರಗಳಲ್ಲಿ ಮೇಷ್ಟ್ರಾದಾಗ ಪಂತುಲು ಅವರಿಗಾಗಲಿ ಅಶ್ವತ್ಥ್ ಅವರಿಗಾಗಲಿ ಇನ್ನೂ ಐವತ್ತು ತುಂಬಿರಲಿಲ್ಲ. ಈ ಮಾಹಿತಿ ಸಿಕ್ಕ ದಿನ ನಮ್ಮ ಭಾವ ಅಂಗಡಿ ಅರ್ಧ ದಿನ ಮುಚ್ಚಿದರು.

ಅವರಿಗೆ ಮೊದಲು ಒಂದು ಲೆಕ್ಕ ಹೇಳಬೇಕಾಯಿತು. ಕರ್ನಾಟಕದ ಸರ್ಕಾರಿ ಮೇಷ್ಟ್ರಿಗೆ ನಿವೃತ್ತಿ ಅರವತ್ತಕ್ಕೆ. ಅರವತ್ತರವನನ್ನು ಮಧ್ಯವಯಸ್ಕ ಎಂದು ಕರೆಯುವ ಉದಾರಿಗಳು ಆಡಿಷನ್ ಕರೆಯುವವರು ಮಾತ್ರ. ಆದರೆ ಆ ಅರವತ್ತು ಯಾವ ದಿನ ತುಂಬುತ್ತದೆ ಎಂಬಲ್ಲಿ ಅವರಿಗೆ ಗೊತ್ತಿಲ್ಲದ ಇನ್ನೊಂದು ನಾಟಕವಿದೆ. ಆ ತಲೆಮಾರಿನ ಎಷ್ಟೋ ಜನರಿಗೆ ನಿಜವಾದ ಹುಟ್ಟಿದ ದಿನ ಗೊತ್ತಿಲ್ಲ. ಅಪ್ಪ ಕೈಹಿಡಿದು ಶಾಲೆಗೆ ತಂದು ಬಿಟ್ಟಾಗ, "ಯಾವಾಗ ಹುಟ್ಟಿದ?" ಎಂದು ಹೆಡ್ಮೇಷ್ಟ್ರು ಕೇಳಿದರೆ, "ಹಣ್ಣು ಕೊಯ್ಯೋ ಕಾಲ" ಎಂದೋ, "ದೊಡ್ಡ ಮಳೆ ಬಂತಲ್ಲ, ಆ ವರ್ಷ" ಎಂದೋ ಉತ್ತರ. ಹೆಡ್ಮೇಷ್ಟ್ರು ತಲೆ ಕೆಡಿಸಿಕೊಳ್ಳದೆ ಜೂನ್ ಒಂದು ಎಂದು ಬರೆದರು. ಶಾಲೆ ಶುರುವಾಗುವ ತಿಂಗಳಲ್ಲಿ ವಯಸ್ಸಿನ ಲೆಕ್ಕ ಸರಿಹೋಗಬೇಕಲ್ಲ. ಹೀಗೆ ನಾಡಿನ ಒಂದು ತಲೆಮಾರಿನ ದೊಡ್ಡ ಪಾಲು ಒಂದೇ ದಿನ ಹುಟ್ಟಿತು.

ಅಂದು ಹೆಡ್ಮೇಷ್ಟ್ರು ಮಾಡಿದ ಆ ಉಪಕಾರಕ್ಕೆ ಬಡ್ಡಿ ಬೀಳುವುದು ಅರವತ್ತನೇ ವರ್ಷದಲ್ಲಿ. ನಿಯಮದ ಪ್ರಕಾರ, ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ಅರವತ್ತು ತುಂಬಿತು ಎಂದು ಲೆಕ್ಕ. ಜೂನ್ ಎರಡಕ್ಕೆ ಹುಟ್ಟಿದವರು ಜೂನ್ 30ರವರೆಗೆ ಪಾಠ ಹೇಳುತ್ತಾರೆ. ಜೂನ್ ಒಂದರವರು ಮೇ 31ಕ್ಕೆ ಮನೆಗೆ. ಇತ್ತೀಚಿನ ವರ್ಷಗಳಲ್ಲಿ ಶಾಲೆ ಬಾಗಿಲು ತೆರೆಯುವುದೂ ಮೇ ಕೊನೆಯ ದಿನಗಳಲ್ಲೇ. ಬಾಗಿಲಿಗೆ ಮಾವಿನ ತೋರಣ ಕಟ್ಟಿರುತ್ತಾರೆ, ಮಕ್ಕಳಿಗೆ ಪಾಯಸ ಇರುತ್ತದೆ. ಅದೇ ತೋರಣದ ಕೆಳಗೆ ಒಳಗೆ ಬರುವವರು ಒಂದನೇ ತರಗತಿಯವರು, ಹೊರಗೆ ಹೋಗುವವರು ಮೇಷ್ಟ್ರು. ಬೀಳ್ಕೊಡುಗೆಗೆ ಬೇರೆ ತೋರಣದ ಖರ್ಚೂ ಉಳಿಯಿತು.

ಇಷ್ಟು ಕೇಳಿದ ಭಾವ, "ಹಾಗಾದರೆ ತೋರಣದ ಕೆಳಗೆ ನಿಂತು ಅಳಲಾ?" ಅಂದರು.

ಅಳುವುದಕ್ಕೆ ಆ ದಿನ ಮೇಷ್ಟ್ರಿಗೆ ಪುರುಸೊತ್ತೇ ಇಲ್ಲ. ಕೊನೆಯ ದಿನ ಅವರು ಶಾಲೆಯಲ್ಲಿ ಇರುವುದೇ ಅಪರೂಪ. ಇರುವುದು ತಾಲ್ಲೂಕಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ. ಪಿಂಚಣಿ ಕಾಗದಗಳು ಇಲ್ಲಿಂದ ಹೊರಟು ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಸೇರಬೇಕು, ಅಲ್ಲಿ ಆದೇಶವಾಗಿ ಖಜಾನೆಗೆ ಬರಬೇಕು, ಆಮೇಲೆ ಬ್ಯಾಂಕು. ಹೊರಡುವ ಮೊದಲು ಸೇವಾ ಪುಸ್ತಕ ನೆಟ್ಟಗಿರಬೇಕು. ಮೇಷ್ಟ್ರು ಕೆಲಸಕ್ಕೆ ಸೇರಿದ ದಿನದಿಂದ ಪ್ರತಿ ವರ್ಷವೂ ಅವರು ನಿಜಕ್ಕೂ ಕೆಲಸ ಮಾಡಿದ್ದಾರೆ ಎಂದು ಒಬ್ಬ ಅಧಿಕಾರಿ ಸಹಿ ಹಾಕಿರಬೇಕು. ಮೂವತ್ತು ವರ್ಷದ ಪುಸ್ತಕದಲ್ಲಿ ಎಲ್ಲೋ ಒಂದು ವರ್ಷದ ಸಹಿ ಬಿಟ್ಟುಹೋಗಿರುತ್ತದೆ. ಆ ವರ್ಷ ಮಳೆಯಲ್ಲಿ ನೆನೆದುಕೊಂಡು ಹಳ್ಳ ದಾಟಿ ಶಾಲೆಗೆ ಹೋದದ್ದು ಮೇಷ್ಟ್ರಿಗೆ ನೆನಪಿದೆ, ಊರಿಗೆ ನೆನಪಿದೆ, ಪುಸ್ತಕಕ್ಕೆ ನೆನಪಿಲ್ಲ. ಸಹಿ ಹಾಕಬೇಕಿದ್ದವರು ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಕೆಲವರಂತೂ ಕಾಲವಾಗಿಯೇ ಹೋಗಿದ್ದಾರೆ. ಇದರ ಜೊತೆಗೆ ಬೇಬಾಕಿ ಪತ್ರ. ಶಾಲೆಯ ಒಂದು ಸಾಮಾನೂ ಈ ಮನುಷ್ಯನ ಬಳಿ ಉಳಿದಿಲ್ಲ ಎಂದು ಯಾರಾದರೂ ಒಪ್ಪಿ ಸಹಿ ಹಾಕಬೇಕು. ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಗೆ ಏನು ಕೊಟ್ಟರು ಎಂದು ಆ ಪತ್ರ ಕೇಳುವುದಿಲ್ಲ. ಬಕೆಟ್ ಎಷ್ಟಿವೆ ಎಂದು ಕೇಳುತ್ತದೆ.

ಈ ಸಂಗತಿಯನ್ನು ಕಥೆ ಮಾಡಿದವರು ನಮ್ಮ ಮೂಡಿಗೆರೆಯವರೇ. ಕಾಫಿ ಬೆಳೆಯುತ್ತ ಇಲ್ಲೇ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯಲ್ಲಿ ನಿವೃತ್ತನಾಗುವವನು ಮೇಷ್ಟ್ರಲ್ಲ, ಪುರಸಭೆಯ ಒಬ್ಬ ಸಣ್ಣ ನೌಕರ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. 1986ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವಾಯಿತು, ತಬರನಾಗಿದ್ದ ಚಾರುಹಾಸನ್ ಅತ್ಯುತ್ತಮ ನಟರಾದರು. ಚಾರುಹಾಸನ್ ವೃತ್ತಿಯಲ್ಲಿ ವಕೀಲರು, ತಮಿಳಿನವರು. ಮಲೆನಾಡಿನ ಪಿಂಚಣಿದಾರನ ಮುಖ ಅವರಿಗೆ ಹೇಗೆ ಬಂತು ಎಂದು ಆಶ್ಚರ್ಯಪಡುವವರು ಇನ್ನೂ ಇದ್ದಾರೆ. ಆಶ್ಚರ್ಯ ಯಾಕೆ? ವಕೀಲರಿಗೆ ಅರ್ಜಿ ಗೊತ್ತು, ಅರ್ಜಿದಾರರೂ ಗೊತ್ತು.

ಭಾವನನ್ನು ಕೂರಿಸಿ ಆ ಸಿನಿಮಾ ತೋರಿಸಿದೆ. ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ನೋಡುತ್ತಿರುವ ನಮಗೆ ಎದೆ ಹಿಂಡುತ್ತದೆ, ಆದರೆ ಬಹಳ ಹೊತ್ತಿನವರೆಗೆ ತಬರ ನಮ್ಮ ಕಡೆ ನೋಡುವುದೇ ಇಲ್ಲ. ಅವನ ಕಣ್ಣೆಲ್ಲ ಮೇಜಿನ ಆಚೆ ಕುಳಿತವನ ಮೇಲೆ. ಅವನಿಗೆ ನಮ್ಮ ಕನಿಕರ ಬೇಡ, ಹಣ ಮಂಜೂರಾಗಬೇಕು. ನಟನಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ಒಬ್ಬನೇ ಆಡುವ ಮಾತು ಎಂದರೆ ಒಬ್ಬನೇ ಇರುವವನ ಮಾತಲ್ಲ. ಎದುರಿಗೆ ಒಬ್ಬ ಕುಳಿತಿದ್ದಾನೆ, ಅವನಿಂದ ಇವನಿಗೆ ಏನೋ ಆಗಬೇಕಿದೆ, ಅವನು ಕೊಡುತ್ತಿಲ್ಲ. ಈ ಮೂರು ಇಲ್ಲದಿದ್ದರೆ ಅದು ಬೀಳ್ಕೊಡುಗೆ ಭಾಷಣ. ಭಾಷಣ ಕೇಳುವುದಕ್ಕೆ ಆಡಿಷನ್ ಮಾಡುವವರೂ ಹಾರ, ಶಾಲು, ಫಲತಾಂಬೂಲದೊಂದಿಗೆ ಬರಬೇಕಾಗುತ್ತದೆ.

ಹಾಗಾಗಿ ನಾನು ಕಳಸದ ಕಡೆಯ ಒಂದು ಸಣ್ಣ ಕಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೆ. ಮೇಷ್ಟ್ರಿಗೆ ಬೇಕಾದದ್ದು ಒಂದು ಸಹಿ. ಅಡ್ಡ ಬಂದಿರುವುದು ಬಿಸಿಯೂಟದ ಒಂದು ಪಾತ್ರೆ. ನಮ್ಮ ಕಡೆ ಅಕ್ಕಿಯ ವಾಸನೆಗೆ ಆನೆ ಶಾಲೆಯ ಅಡುಗೆಮನೆಗೆ ನುಗ್ಗುವುದು ಯಾರಿಗೂ ಹೊಸ ಸುದ್ದಿಯಲ್ಲ. ಹತ್ತು ವರ್ಷದ ಹಿಂದೆ ಒಂದು ಆನೆ ಹಾಗೆ ಬಂದು ಪಾತ್ರೆ ತುಳಿದಿದೆ ಎಂದು ಇಟ್ಟುಕೊಳ್ಳಿ. ಅಕ್ಕಿಯ ಲೆಕ್ಕ ಮಾತ್ರ ನನ್ನ ಕಲ್ಪನೆಯಲ್ಲ. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿ. ಪಾತ್ರೆ ಎಷ್ಟು ದೊಡ್ಡದಿತ್ತು ಎಂದು ಹೇಳಿಬಿಟ್ಟರೆ ಅಂದು ಎಷ್ಟು ಮಕ್ಕಳಿದ್ದರು ಎಂಬುದು ತಾನಾಗಿ ಗೊತ್ತಾಗುತ್ತದೆ. ಕನ್ನಡ ಶಾಲೆಗಳ ದುಃಸ್ಥಿತಿ ಎಂದು ಮೇಷ್ಟ್ರು ಒಂದು ಮಾತೂ ಆಡಬೇಕಿಲ್ಲ.

ಬರೆದದ್ದು ಇದು.

*

(ಮೇ 31, ಬೆಳಿಗ್ಗೆ ಹನ್ನೊಂದೂವರೆ. ಗುಮಾಸ್ತರ ಮೇಜಿನ ಮುಂದೆ ಮೇಷ್ಟ್ರು. ಕುರ್ಚಿ ಇದೆ, ಕುರ್ಚಿಯ ಮೇಲೆ ಫೈಲುಗಳಿವೆ. ಕೈಯಲ್ಲಿ ಬಟ್ಟೆಚೀಲ.)

ನಮಸ್ಕಾರ ಸಾರ್. ಇರಲಿ ಬಿಡಿ, ಫೈಲು ಎತ್ತಬೇಡಿ. ಮೂವತ್ಮೂರು ವರ್ಷ ನಿಂತೇ ಅಭ್ಯಾಸ.

ಅದೇ, ಆ ಒಂದು ಸಹಿ. ಪಾತ್ರೆದು.

ಹೌದು, ದಾಸ್ತಾನು ವಹೀಲಿದೆ. ನನ್ನ ಕೈಬರಹವೇ. ಅಲ್ಯೂಮಿನಿಯಂ ಪಾತ್ರೆ, ಇಪ್ಪತ್ತು ಲೀಟರಿಂದು, ಮುಚ್ಚಳ ಸಮೇತ. ಮುಚ್ಚಳ ತಂದಿದೀನಿ. (ಚೀಲದಿಂದ ತೆಗೆದು ಮೇಜಿನ ಮೇಲಿಡುತ್ತಾರೆ.) ನೋಡಿ, ಒಂದು ಗೀರೂ ಇಲ್ಲ. ಪಾತ್ರೆ ಮಾತ್ರ ಆನೆ ತುಳೀತು.

ಇಲ್ಲ ಸಾರ್, ಪತ್ರ ಇಲ್ಲ. ಫಾರೆಸ್ಟಿನೋರ ಹತ್ರ ಹೋಗಿದ್ದೆ. ಅವರ ಪುಸ್ತಕದ ಪ್ರಕಾರ ಆ ರಾತ್ರಿ ಆನೆ ನಮ್ಮೂರಲ್ಲಿ ಇರಲಿಲ್ವಂತೆ. ಪಕ್ಕದ ಎಸ್ಟೇಟಲ್ಲಿತ್ತಂತೆ. ಎಸ್ಟೇಟಿನ ಬೇಲಿ ಮುರಿದಿದ್ದು ಬರೆದಿದೆ. ನಮ್ಮ ಪಾತ್ರೆ ಬರೆದಿಲ್ಲ.

ಏನಂದ್ರಿ? ಹತ್ತು ಮಕ್ಕಳಿಗೆ ಇಪ್ಪತ್ತು ಲೀಟರ್ ಯಾಕೆ ಅಂತಲಾ? ಆಗ ನಲವತ್ತೆರಡು ಇದ್ರು ಸಾರ್. ತಲೆಗೆ ನೂರು ಗ್ರಾಂ, ನಾಲ್ಕು ಕೆಜಿ ಇನ್ನೂರು. ಆನೆ ಏನು ಸುಮ್ಮನೆ ಬರುತ್ತಾ? ಅಷ್ಟು ಅಕ್ಕಿ ಇತ್ತು, ಬಂತು. ಈಗ ಅದೂ ಬರಲ್ಲ.

ದುಡ್ಡು ಕಟ್ತೀನಿ ಅಂದೆ. ಯಾವ ಲೆಕ್ಕಕ್ಕೆ ಜಮಾ ಮಾಡೋದು ಅಂದ್ರಿ. ಹೊಸದು ತಂದುಕೊಡ್ತೀನಿ ಅಂದೆ. ವಹೀಲಿರೋದು ಹಳೇದು ಅಂದ್ರಿ. ಹಳೇದು ತರೋಣ ಅಂದ್ರೆ ಅದು ಈಗ ರೊಟ್ಟಿ ಥರ ಇದೆ ಸಾರ್, ಅದಕ್ಕೆ ಲೀಟರಿಲ್ಲ.

(ಫೋನ್. ಜೇಬಿನಿಂದ ತೆಗೆದು, ಗುಮಾಸ್ತರಿಗೆ ಕೈಸನ್ನೆಯಲ್ಲೇ ಕ್ಷಮೆ ಕೇಳಿ) ಹಲೋ. ಹಾಂ, ಹೇಳಿ ಅಕ್ಕ. ಹಾಕಿ, ಅಕ್ಕಿ ಹಾಕಿ. ಹತ್ತು. ಅಲ್ಲ ತಡೀರಿ. ಆ ಅಸ್ಸಾಮಿನ ಹುಡುಗಿ ಬಂದ್ಲಾ? ರಜೇಲಿ ಊರಿಗೆ ಹೋದೋಳು. ಬಂದ್ಲಾ! ಹಾಗಾದ್ರೆ ಹನ್ನೊಂದು ಹಾಕಿ. ಒಂದು ಕೆಜಿ ನೂರು. ಬೆಲ್ಲ ಕಪಾಟಿನ ಕೆಳಗಡೆ ಇದೆ. ಬೀಗದ ಕೈ... (ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ) ನನ್ನ ಹತ್ರಾನೇ ಉಳೀತಲ್ಲ. ಬರ್ತೀನಿ, ಈಗ ಬರ್ತೀನಿ.

ನಾಳೇದಾ? ನಾಳೆ ಎಷ್ಟು ಅಂತ... ನಾಳೆ ಮೇಡಂ ಹೇಳ್ತಾರೆ ಅಕ್ಕ. ಅವರನ್ನ ಕೇಳಿ. ಇಡ್ತೀನಿ.

(ಬೀಗದ ಕೈ ನೋಡುತ್ತ) ಸಾರ್, ಇದು ವಹೀಲಿಲ್ಲ. ಇದನ್ನ ಯಾರಿಗೆ ಕೊಡಬೇಕು? ಅದಕ್ಕೊಂದು ಫಾರಂ ಇದ್ರೆ ಕೊಟ್ಟುಬಿಡಿ, ಎರಡೂ ಒಟ್ಟಿಗೆ ಬರ್ಕೊಡ್ತೀನಿ.

ಮಧ್ಯಾಹ್ನ ಊಟ ಆದ್ಮೇಲಾ? ಸರಿ ಸಾರ್. ಮುಚ್ಚಳ ಇಲ್ಲೇ ಇರಲಾ, ತಗೊಂಡು ಹೋಗಲಾ?

*

ಓದಿ ಮುಗಿಸಿದ ಭಾವ ಹಾಳೆ ತಿರುವಿ ಹಿಂಬದಿ ನೋಡಿದರು. ಅಳು ಅಲ್ಲಿಯೂ ಇರಲಿಲ್ಲ.

"ಇದರಲ್ಲಿ ಶಾಲೆ ಎಲ್ಲುಂಟು? ಬೋರ್ಡಿಲ್ಲ, ಮಕ್ಕಳಿಲ್ಲ. ಗುರು ಶಿಷ್ಯರ ಸಂಬಂಧ ಇಲ್ಲ. ಒಂದು ಮುಚ್ಚಳಕ್ಕೆ ನನ್ನ ಪ್ರತಿಭೆ ಕೊಡಲಾ ನಾನು?"

ಮಕ್ಕಳು ಫೋನಿನಲ್ಲಿದ್ದಾರೆ ಭಾವ, ಎಂದೆ. ಹನ್ನೊಂದು ಎನ್ನುವಾಗ ನಿಮಗೆ ಖುಷಿಯಾಗಬೇಕು. ಒಂದು ಮಗು ವಾಪಸು ಬಂದಿದೆ. ಕೆಲಸ ಹೋಗಲು ಆರು ಗಂಟೆ ಇರುವಾಗ ಹಾಜರಿ ಒಂದು ಜಾಸ್ತಿಯಾಯಿತು ಎಂದು ಖುಷಿಪಡುವ ಮನುಷ್ಯ ಅವನು. "ನಾಳೆ ಮೇಡಂ ಹೇಳ್ತಾರೆ" ಎನ್ನುವುದು ಅವನ ನಿವೃತ್ತಿ. ಅದನ್ನು ಸಲೀಸಾಗಿ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿ ಮುಗಿಸಿ. ನೀವು ಅತ್ತರೆ ನೋಡುವವನಿಗೆ ಕೆಲಸ ಉಳಿಯುವುದಿಲ್ಲ.

ಚಿತ್ರೀಕರಣ ಎಲ್ಲಿ ಎಂಬುದು ಮುಂದಿನ ಸಮಸ್ಯೆ. ಜೂನ್ ತಿಂಗಳ ಮೂಡಿಗೆರೆಯಲ್ಲಿ ಶೀಟಿನ ಮಾಡಿನ ಕೆಳಗೆ ನಿಂತು ಮಾತಾಡಿದರೆ ಮಳೆಯ ಪಾತ್ರಕ್ಕೆ ಆಯ್ಕೆಯಾಗಬಹುದು, ಮೇಷ್ಟ್ರ ಪಾತ್ರಕ್ಕಲ್ಲ. ಹೋಂಸ್ಟೇಯ ಹಾಲು ದೊಡ್ಡದು, ಗೋಡೆಗೆಲ್ಲ ಟೈಲ್ಸು, ಒಂದು ಮಾತಾಡಿದರೆ ಎರಡು ಕೇಳಿಸುತ್ತದೆ. ಕೊನೆಗೆ ಸರಿಹೋದದ್ದು ಭಾವನ ಗೊಬ್ಬರದ ಗೋದಾಮೇ. ಮಾಡು ಕಾಂಕ್ರೀಟಿನದು. ಮೂರು ಕಡೆ ಒಟ್ಟಿದ ಚೀಲಗಳು ಸದ್ದನ್ನು ನುಂಗುವುದರಿಂದ ಮಾತು ಸ್ಪಷ್ಟವಾಗಿ ಬಂತು. ಹಿಂದೆ ಕಂಪನಿಯ ಹೆಸರು ಕಾಣಬಾರದೆಂದು ಅಕ್ಕ ಒಂದು ತಿಳಿಬಣ್ಣದ ಬೆಡ್‌ಶೀಟ್ ಕೊಟ್ಟಳು. ಅದರಲ್ಲಿ ನವಿಲುಗಳಿದ್ದವು. ಬೇರೆ ಕೊಟ್ಟಳು.

ಫೋನನ್ನು ಅಡ್ಡ ಹಿಡಿದು, ಸೊಂಟದಿಂದ ಮೇಲೆ ಕಾಣುವ ಹಾಗೆ, ಕಣ್ಣಿನ ಮಟ್ಟಕ್ಕೆ ಚೀಲಗಳ ಮೇಲೆ ನಿಲ್ಲಿಸಿದೆವು. ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವುದು. ಇಷ್ಟಕ್ಕೆ ಮಾತ್ರ ಕ್ಯಾಮೆರಾವನ್ನೇ ನೋಡಬೇಕು. ಭಾವ ಪರಿಚಯವನ್ನೂ ಚಾಮಯ್ಯ ಮೇಷ್ಟ್ರ ದನಿಯಲ್ಲೇ ಹೇಳಿದರು. ಐದಡಿ ಆರಂಗುಲ ಎನ್ನುವಾಗ ಗಂಟಲು ಕಟ್ಟಿತು.

ಮೊದಲ ಟೇಕಿನಲ್ಲಿ ಅವರು ಆನೆ ಎಂಬಲ್ಲಿ ಅತ್ತರು. ಎರಡನೆಯದರಲ್ಲಿ ಗುಮಾಸ್ತನಿಗೆ ಗದರಿಸಿದರು, ಸಾಲ ವಾಪಸು ಕೊಡದ ಗಿರಾಕಿಗೆ ಗದರಿಸುವ ಅದೇ ಸ್ವರದಲ್ಲಿ. ಮೂರನೆಯದರಲ್ಲಿ ಪೂರ್ತಿ ಹೊತ್ತು ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿದ್ದರಿಂದ, ಪಾತ್ರೆ ತುಳಿದದ್ದು ನೋಡುವವರೇ ಎಂಬ ಭಾವನೆ ಬರುತ್ತಿತ್ತು. ಅದಕ್ಕೇ ಕ್ಯಾಮೆರಾದ ಪಕ್ಕ, ಒಂದು ಗೇಣು ಬಲಕ್ಕೆ, ಅಂಗಡಿಯ ಹುಡುಗನನ್ನು ಗುಮಾಸ್ತನಾಗಿ ಕೂರಿಸಿದೆವು. ಮಾತಾಡಬೇಡ, ಮುಖ ಎತ್ತಬೇಡ, ಏನು ಕೇಳಿದರೂ ಫೋನು ನೋಡುತ್ತಿರು ಎಂದು ಹೇಳಿಕೊಟ್ಟೆವು. ಅವನಿಗೆ ತರಬೇತಿ ಬೇಕಾಗಲಿಲ್ಲ.

ನಿಜವಾದ ಕಷ್ಟ ಇದ್ದದ್ದು ಮಾತಿಲ್ಲದ ಜಾಗಗಳಲ್ಲಿ. ಗುಮಾಸ್ತನ ಪ್ರಶ್ನೆ ಕಾಗದದ ಮೇಲಿಲ್ಲ, ಉತ್ತರ ಮಾತ್ರ ಇದೆ. ಭಾವ ಪ್ರಶ್ನೆಗೆ ಜಾಗವನ್ನೇ ಬಿಡದೆ ಉತ್ತರದಿಂದ ಉತ್ತರಕ್ಕೆ ಹಾರುತ್ತಿದ್ದರು. "ಇಲ್ಲ ಸಾರ್, ಪತ್ರ ಇಲ್ಲ" ಎನ್ನುವ ಮೊದಲು ಯಾರೋ ಪತ್ರ ಕೇಳಿರಬೇಕಲ್ಲ? ಆ ಒಂದೆರಡು ಕ್ಷಣ ಕಿವಿ ಕೇಳಬೇಕು, ಕೇಳಿದ್ದು ಮುಖಕ್ಕೆ ಬರಬೇಕು, ಆಮೇಲೆ ಬಾಯಿ. ಫೋನಿನಲ್ಲೂ ಹಾಗೇ. ಆ ಕಡೆ ಬಿಸಿಯೂಟದ ಅಕ್ಕ ಇದ್ದಾಳೆ, ಅವಳಿಗೂ ಉಸಿರಾಡಲು ಸಮಯ ಬೇಕು. ಇದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ಉಪಾಯ ಒಂದಿದೆ. ತೆಗೆದ ವಿಡಿಯೊವನ್ನು ಸದ್ದು ನಿಲ್ಲಿಸಿ ನೋಡಬೇಕು. ಎಲ್ಲೆಲ್ಲಿ ಗುಮಾಸ್ತ ಮಾತಾಡಿದ ಎಂದು ಬರೀ ಮುಖ ನೋಡಿ ಗೊತ್ತಾದರೆ ನಟ ಕೇಳಿಸಿಕೊಳ್ಳುತ್ತಿದ್ದಾನೆ. ಗೊತ್ತಾಗದಿದ್ದರೆ ತನ್ನ ಸರದಿಗೆ ಕಾಯುತ್ತಿದ್ದಾನೆ. ನಮ್ಮ ಮೊದಲ ಟೇಕುಗಳನ್ನು ಹಾಗೆ ನೋಡಿದಾಗ ಭಾವ ಗೋದಾಮಿನಲ್ಲಿ ಒಬ್ಬರೇ ನಿಂತು ಹಲ್ಲುನೋವಿನ ಬಗ್ಗೆ ಹೇಳುತ್ತಿರುವ ಹಾಗೆ ಕಂಡಿತು.

ಮುಚ್ಚಳದ ವಿಷಯದಲ್ಲೂ ಜಗಳವಾಯಿತು. ಭಾವ ಅದನ್ನು ಎದೆಗವಚಿಕೊಂಡು ನಿಲ್ಲಬೇಕೆಂದಿದ್ದರು. ಬೇಡ, ಮೇಜಿನ ಮೇಲಿಟ್ಟು ಕೈ ತೆಗೆಯಿರಿ, ಕೊನೆಯ ಸಾಲಿನವರೆಗೆ ಮುಟ್ಟಬೇಡಿ ಎಂದೆ. ವಸ್ತು ಒಂದೇ ಇದ್ದು ಅದು ಸುಮ್ಮನೆ ಬಿದ್ದಿದ್ದರೆ ನೋಡುವವರ ಕಣ್ಣು ತಾನಾಗಿ ಅದರ ಮೇಲೆ ಹೋಗುತ್ತದೆ. ಇನ್ನೊಂದು, ಕೂದಲಿಗೆ ಪೌಡರು ಹಾಕಿ ಬೆಳ್ಳಗೆ ಮಾಡಬೇಡಿ ಎಂದು ಬೇಡಿಕೊಂಡೆ. ಅರವತ್ತು ಕಾಣಬೇಕಾದದ್ದು ಕೂದಲಿನಲ್ಲಲ್ಲ. ಕುರ್ಚಿ ಖಾಲಿಯಿಲ್ಲ ಎಂದಾಗ ಕೋಪ ಬಾರದಿರುವಲ್ಲಿ. ಅಷ್ಟು ಹೇಳಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಭಾವ ಪೌಡರು ಹಾಕಿಕೊಂಡಾಗಿತ್ತು. ತೊಳೆಸಿದೆ.

ಸಂಜೆಯ ಹೊತ್ತಿಗೆ ಒಂದು ಟೇಕು ಬಂತು. ಎರಡು ನಿಮಿಷ ಐವತ್ತು ಸೆಕೆಂಡು. ಭಾವನಿಗೆ ನಿಂತು ನಿಂತು ಕಾಲು ನೋಯುತ್ತಿತ್ತು, ಹಸಿವಾಗಿತ್ತು, ಅಳುವ ಉಮೇದು ಇಳಿದಿತ್ತು. ಅಂಗಡಿಗೆ ಯಾರೋ ಬಂದು ಕೂಗುತ್ತಿದ್ದುದರಿಂದ ಬೇಗ ಮುಗಿಸುವ ಅವಸರವೂ ಇತ್ತು. "ನಾಳೆ ಮೇಡಂ ಹೇಳ್ತಾರೆ ಅಕ್ಕ" ಎಂದದ್ದು ಎಷ್ಟು ಸಲೀಸಾಗಿ ಬಂತೆಂದರೆ ಗುಮಾಸ್ತನಾಗಿದ್ದ ಹುಡುಗ ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತಿದ. ಅದನ್ನೇ ಕಳಿಸಿದೆವು. ಜೊತೆಗೆ ಪೋರ್ಟ್‌ಫೋಲಿಯೊದ ಅಷ್ಟೂ ಫೋಟೊಗಳು ಹೋದವು, ಶಾಲು ಹೊದ್ದು ಗುಡ್ಡ ನೋಡುತ್ತಿರುವುದೂ ಸೇರಿ.

ನಾಲ್ಕನೇ ದಿನ ಬೆಂಗಳೂರಿನಿಂದ ಫೋನ್ ಬಂತು. ಭಾವ ಸ್ಪೀಕರಿಗೆ ಹಾಕಿ, ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಕೈಯೆತ್ತಿ ಸುಮ್ಮನಿರಿಸಿದರು.

"ಸಾರ್, ಸೆಲೆಕ್ಟ್ ಆಗಿದೀರಿ. ಹೀರೋಯಿನ್ ತಂದೆ. ನಿವೃತ್ತ ಮೇಷ್ಟ್ರು."

"ವಿಡಿಯೊ ನೋಡಿದ್ರಾ?"

"ವಿಡಿಯೊ ಇನ್ನೂ ಓಪನ್ ಮಾಡಿಲ್ಲ ಸಾರ್, ಫೋಟೊ ನೋಡಿದ್ವಿ. ಆ ಶಾಲಿನ ಫೋಟೊ ಸೂಪರ್. ಅದನ್ನೇ ದೊಡ್ಡದು ಮಾಡಿಸ್ತಾ ಇದೀವಿ."

"ದೊಡ್ಡದು ಮಾಡಿ ಎಂತ ಮಾಡ್ತೀರಿ?"

"ಹಾಲಿನ ಗೋಡೆಗೆ ಹಾಕ್ತೀವಿ ಸಾರ್, ಹಾರ ಹಾಕಿ. ಕತೆ ಶುರುವಾಗೋ ಮೊದಲೇ ನೀವು ತೀರಿಕೊಂಡಿರ್ತೀರಿ. ಹೀರೋಯಿನ್ ಕಷ್ಟ ಬಂದಾಗೆಲ್ಲ ನಿಮ್ಮ ಮುಂದೆ ನಿಂತು ಅಳ್ತಾಳೆ."

ಅಂಗಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಭಾವ ಸ್ವಲ್ಪ ಹೊತ್ತು ಯೋಚಿಸಿ, ಒಬ್ಬ ವೃತ್ತಿಪರ ನಟ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು.

"ಎಷ್ಟು ಎಪಿಸೋಡ್ ಇರ್ತೀನಿ?"

"ಅದರ ಚಿಂತೆ ಬಿಡಿ ಸಾರ್. ಮಿಕ್ಕವರನ್ನೆಲ್ಲ ನಡುವೆ ಸಾಯಿಸ್ತೀವಿ. ನೀವು ಕೊನೇವರೆಗೂ ಇರ್ತೀರಿ."